ಅಪ್ಪನಿಗೆ ಬರೆದ ಕಾಗದ: ಪೆನ್ಸಿಲ್ ಮಗುವಿನ ಕೈಯಲ್ಲೇ ಇರಲಿ

ಪ್ರಶ್ನೆ: ಮೇಡಂ, ನಮ್ಮಣ್ಣನ ಮಗಳು 2ನೇ ಕ್ಲಾಸು. ಗುರುವಾರ ಅಣ್ಣನ ಹುಟ್ಟುಹಬ್ಬ. ಅವಳು ಬರೆದ ಕಾಗದದ ಫೋಟೊ ಕಳಿಸಿದ್ದೀನಿ. ಬರೀ ತಪ್ಪು, ಮೇಲಾಗಿ ಹಬ್ಬದ ದಿನ ಜ್ವರದ ಮಾತು. ನಾನು ನೀಟಾಗಿ ಬರೆದುಕೊಟ್ಟರೆ ನೋಡಿ ಬರೆಯಲ್ಲ ಅಂತ ಅಳ್ತಾಳೆ. ಏನು ಮಾಡಲಿ?
— ಸೋದರತ್ತೆ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನೀವು ಬರೆದುಕೊಟ್ಟ ಹಾಳೆಯನ್ನು ಮೊದಲು ತೆಗೆದಿಡಿ, ಅವಳದ್ದನ್ನು ಅವಳಿಗೆ ವಾಪಸ್ ಕೊಡಿ. ಗುರುವಾರ ಹತ್ತಿರವಿದ್ದುದರಿಂದ ನಿಮಗೆ ಫೋನ್ ಮಾಡಿಯೇ ಹೇಳಿದೆ. ಇದೇ ಪ್ರಶ್ನೆ ವರ್ಷಕ್ಕೆ ಹತ್ತಾರು ಸಲ ಬರುತ್ತದೆ, ಪ್ರತಿ ಸಲವೂ ಮಗುವಿನ ಕಾಗದ ಅಷ್ಟರಲ್ಲಿ ಕಸದಬುಟ್ಟಿ ಸೇರಿರುತ್ತದೆ. ಅದಕ್ಕಾಗಿ ಆವತ್ತು ಮಾತಾಡಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮದು: "ಪೂಜ್ಯ ತಂದೆಯವರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ನೀವು ನನ್ನ ಬಾಳಿನ ಬೆಳಕು." ಅವಳದು: "ಅಪ್ಪ ಉಟಬ. ಉಳ ಜರಕೆ ಕೂತರೆ ನಂಗೆ ಕುಶಿ. ನೀನು ಸೋಪು ಹಾಕಲ. ಗಾಳಿಪಟ ಮಾಡಿಕೊಟೆ." ನಿಮ್ಮ ಕಾಗದವನ್ನು ಊರಿನ ಯಾವ ಮಗು ಯಾವ ಅಪ್ಪನಿಗೆ ಕೊಟ್ಟರೂ ನಡೆಯುತ್ತದೆ. ಅವಳದನ್ನು ನಿಮ್ಮಣ್ಣನಿಗೆ ಬಿಟ್ಟು ಬೇರೆ ಯಾರಿಗೂ ಕೊಡಲು ಬರುವುದಿಲ್ಲ.

ಜ್ವರದ ಮಾತು ಅಪಶಕುನ ಅಂದಿರಿ. ರೇಷ್ಮೆ ಮನೆಯಲ್ಲಿ ಹುಟ್ಟಿ ಬೆಳೆದ ನಿಮಗೆ ನಾನು ಹೇಳಬೇಕೆ? ಹುಳ ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದಲ್ಲ, ಅದಕ್ಕೆ ತಾನೇ ಜ್ವರ ಅನ್ನುವುದು. ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಹಾಗೆ ಕೂರುತ್ತವೆ, ಒಂದೊಂದು ಸಲಕ್ಕೆ ಹೆಚ್ಚುಕಮ್ಮಿ ಒಂದು ದಿನ. ಆ ಹೊತ್ತಿನಲ್ಲಿ ಹುಳ ಸೊಪ್ಪು ಮುಟ್ಟುವುದಿಲ್ಲ, ಹಾಕುವವರೂ ಹಾಕುವುದಿಲ್ಲ. ಉಳಿದ ದಿನಗಳಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತಿಲ್ಲದೆ ತೋಟಕ್ಕೂ ಹುಳದ ಮನೆಗೂ ಓಡಾಡುವ ಅಪ್ಪ, ಜ್ವರಕ್ಕೆ ಕೂತ ದಿನ ಒಂದಿಷ್ಟು ಬಿಡುವಾಗುತ್ತಾನೆ. ಏಳು ವರ್ಷದ ಹುಡುಗಿ ಅದನ್ನು ಗಮನಿಸಿ ಲೆಕ್ಕ ಇಟ್ಟುಕೊಂಡಿದ್ದಾಳೆ. ನಾಲ್ಕು ಸಾಲಿನಲ್ಲಿ ಅವಳು ಬರೆದದ್ದು ಇಷ್ಟೇ: ನಿನಗೆ ಬಿಡುವಿದ್ದ ದಿನ ನನಗೆ ಖುಷಿ. ನೀವು ಹೊಡೆದುಹಾಕಿದ್ದೂ ಇದೇ ಸಾಲನ್ನು. ಅವಳು ಅತ್ತದ್ದು ಹಟಕ್ಕಲ್ಲ.

ಈಗ ತಪ್ಪಿನ ವಿಚಾರ. ಅಕ್ಷರಗಳನ್ನು ನಿಧಾನವಾಗಿ ನೋಡಿ. "ಅಪ್ಪ" ಬಿಟ್ಟರೆ ಇಡೀ ಕಾಗದದಲ್ಲಿ ಇನ್ನೊಂದು ಒತ್ತಕ್ಷರವಿಲ್ಲ. ಜ್ವರಕ್ಕೆ "ಜರಕೆ" ಆಗಿದೆ, ಹಾಕಲ್ಲ "ಹಾಕಲ" ಆಗಿದೆ, ಕೊಟ್ಟೆ "ಕೊಟೆ" ಆಗಿದೆ. ಅಂದರೆ ಕಾಗುಣಿತ ಹೆಚ್ಚುಕಮ್ಮಿ ಕೈಗೆ ಬಂದಿದೆ, ಒತ್ತು ಇನ್ನೂ ಬಂದಿಲ್ಲ. "ಅಪ್ಪ" ಅನ್ನುವುದನ್ನು ಇಡೀ ಪದವಾಗಿ ಕಣ್ಣಿನಿಂದ ಕಲಿತಿದ್ದಾಳೆ. "ಉಳ" ಅಂತ ಬರೆದದ್ದು ನಮ್ಮ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುವುದರಿಂದ. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದಾಳೆ. ಆದರೆ "ಹಾಕಲ"ದಲ್ಲಿ ಹಕಾರ ಇದೆ ನೋಡಿ, ಎಲ್ಲಿ ಬೇಕು ಎಲ್ಲಿ ಬೇಡ ಅನ್ನುವುದನ್ನು ಅವಳೇ ವಿಂಗಡಿಸಿಕೊಳ್ಳುತ್ತಿದ್ದಾಳೆ. ಒತ್ತಕ್ಷರ ಕಲಿಸಬೇಕಾದದ್ದು ನಿಜ. ಬೇರೆ ದಿನ, ಬೇರೆ ಹಾಳೆಯಲ್ಲಿ, ಬೇರೆ ಪದಗಳನ್ನಿಟ್ಟುಕೊಂಡು ಕಲಿಸಿ.

"ಒಮ್ಮೆ ತಪ್ಪು ಬರೆದರೆ ಅದೇ ಕೈಯಲ್ಲಿ ಕೂತುಬಿಡುತ್ತದೆ" ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಒಂದರಿಂದ ಮೂರನೇ ತರಗತಿಗಳಿಗೇ ನಾನು ಹೆಚ್ಚು ಕಾಲ ಪಾಠ ಮಾಡಿದವಳು. "ಉಳ" ಬರೆದ ಮಕ್ಕಳು ಓದುತ್ತ ಓದುತ್ತ, ಅದೇ ಪದ ಹತ್ತು ಕಡೆ ಕಣ್ಣಿಗೆ ಬಿದ್ದ ಮೇಲೆ ತಾವಾಗಿಯೇ "ಹುಳ" ಬರೆದಿದ್ದಾರೆ. ತಿರುಗಿ ಬರಲು ಕಷ್ಟವಾದದ್ದು ಬೇರೆ ಮಕ್ಕಳಿಗೆ. ಒಂದೊಂದು ಪದಕ್ಕೂ ಬೈಸಿಕೊಂಡು, ತಪ್ಪಾಗದ ಮೂರೇ ಮೂರು ಪದಗಳಲ್ಲಿ ಎಲ್ಲವನ್ನೂ ಮುಗಿಸುವುದನ್ನು ಕಲಿತವರಿಗೆ.

ಹಾಗಾದರೆ ದೊಡ್ಡವರ ಕೆಲಸ ಏನು? ಹೆಚ್ಚಿನದು ಪೆನ್ಸಿಲ್ ಮುಟ್ಟುವ ಮೊದಲೇ ಮುಗಿಯಬೇಕು. ಹತ್ತು ನಿಮಿಷ ಕಾಗದ ಇಲ್ಲದೆ ಕೂತು ಮಾತಾಡಿ. "ಅಪ್ಪ ಅಂದ್ರೆ ನಿಂಗೆ ಯಾಕಿಷ್ಟ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಯಾವ ಮಗುವಾದರೂ "ಚಾಕ್ಲೇಟ್ ತರ್ತಾರೆ" ಅಂತಲೋ ಟಿವಿಯಲ್ಲಿ ಕೇಳಿದ್ದನ್ನೋ ಹೇಳುತ್ತದೆ. ಕಣ್ಣಿಗೆ ಕಂಡದ್ದನ್ನು, ಕೈಯಲ್ಲಿ ಮುಟ್ಟಿದ್ದನ್ನು ಕೇಳಿ. ನಿಮ್ಮ ಫೋನಿನಲ್ಲೇ ಅವಳ ಹತ್ತಿರ ನಾನು ಕೇಳಿದ್ದು ಹೀಗೆ:

"ಗಾಳಿಪಟ ಎಲ್ಲಿ ಕೂತು ಮಾಡಿದ್ರಿ?"

"ಹುಳದ ಮನೆ ಮುಂದೆ."

"ಬಾಲಕ್ಕೆ ಏನು ಕಟ್ಟಿದ್ರು?"

"ಅಮ್ಮನ ಹಳೇ ಸೀರೆ ಅಂಚು."

"ಆಮೇಲೆ?"

"ಹಾರ್ಲಿಲ್ಲ. ಅಪ್ಪ ಬಾಲ ಇನ್ನೂ ಉದ್ದ ಮಾಡ್ತು. ಆವಾಗ ಹಾರ್ತು."

ನಾನು ಬಾಯಿಗೆ ಹಾಕಿದ ಮಾತು ಇದರಲ್ಲಿ ಒಂದೂ ಇಲ್ಲ. "ಆಮೇಲೆ?" ಅನ್ನುವುದಕ್ಕಿಂತ ದೊಡ್ಡ ಸಹಾಯ ಈ ವಯಸ್ಸಿನಲ್ಲಿ ಬೇಕಾಗುವುದೂ ಇಲ್ಲ. ಇದರಲ್ಲಿ ಯಾವುದನ್ನು ಬರೆಯಬೇಕು ಅನ್ನುವುದನ್ನು ಅವಳು ಆರಿಸಲಿ. ನಿಮಗೆ ಸೀರೆ ಅಂಚು ಚಂದ ಕಾಣಬಹುದು, ಅವಳು ಅದನ್ನು ಬಿಟ್ಟು "ಆವಾಗ ಹಾರ್ತು" ಅಂತಷ್ಟೇ ಬರೆಯಬಹುದು. ಸುಮ್ಮನಿರಿ.

ಬರೆಯಲು ಕೂತಾಗ ಒಂದು ತೊಂದರೆ ಬಂದೇ ಬರುತ್ತದೆ. ಒಂದು ಅಕ್ಷರ ಮೂಡಿಸುವಷ್ಟರಲ್ಲಿ ಮಗುವಿಗೆ ವಾಕ್ಯವೇ ಮರೆತುಹೋಗುತ್ತದೆ. "ಏನೂ ತೋಚ್ತಿಲ್ಲ" ಅಂದರೆ ಬಹಳ ಸಲ ಅದರ ಅರ್ಥ ಇದೇ. ಆಗ ಹೊಸ ವಾಕ್ಯ ಕೊಡಬೇಡಿ. ಅವಳು ಹೇಳಿದ್ದನ್ನೇ, ಅವಳ ಪದಗಳಲ್ಲೇ ತಿರುಗಿ ಹೇಳಿ: "ಅಪ್ಪ ಬಾಲ ಇನ್ನೂ ಉದ್ದ ಮಾಡ್ತು ಅಂದೆ. 'ಬಾಲ' ಬರೆದಾಯ್ತು, ಮುಂದೆ?" ನಿಮ್ಮ ಬಾಯಲ್ಲಿ "ಮಾಡ್ತು" ಹೋಗಿ "ಮಾಡಿದರು" ಆದರೆ ತಿದ್ದುವುದು ಅಲ್ಲೇ ಶುರುವಾಯಿತು ಅಂತ ತಿಳಿಯಿರಿ. "ನೀನು" ಅಂತ ಕರೆಯುವ ಮಗು ಕಾಗದದಲ್ಲೂ "ನೀನು" ಅಂತಲೇ ಬರೆಯಲಿ. ಮನೆಯಲ್ಲಿ ಒಪ್ಪಿದ ಮರ್ಯಾದೆ ಕಾಗದಕ್ಕೂ ಸಾಕು.

ಅವಳಾಗಿ "ಒತ್ತು ಹೇಗೆ ಹಾಕೋದು" ಅಂತ ಕೇಳಿದರೆ ಬೇರೆ ಚೀಟಿಯಲ್ಲಿ ಬರೆದು ತೋರಿಸಿ, ನೋಡಿಕೊಂಡು ಅವಳೇ ಬರೆಯಲಿ. ಅವಳ ಹಾಳೆಯ ಮೇಲೆ ನಿಮ್ಮ ಕೈ ಬೇಡ, ರಬ್ಬರೂ ಬೇಡ. ಕೇಳದಿದ್ದರೆ ಹೇಳಬೇಡಿ.

ನಾನು ಬಾಯಿಬಿಡುವುದು ಒಂದೇ ಕಡೆ, ಅಪ್ಪ ಬೇರೆಯೇ ಅರ್ಥ ಮಾಡಿಕೊಳ್ಳುವ ಪದ ಇದ್ದರೆ ಮಾತ್ರ. "ಉಳ", "ಕುಶಿ", "ಜರಕೆ" ಇವನ್ನು ನಿಮ್ಮಣ್ಣ ತಡವರಿಸದೆ ಓದುತ್ತಾರೆ, ಬಿಡಿ. ಆದರೆ "ಸೋಪು ಹಾಕಲ" ಇದೆಯಲ್ಲ, ಅದು ಸೊಪ್ಪು. ಇದನ್ನೂ ತಪ್ಪು ಅಂತ ತೋರಿಸಬೇಡಿ. ಬೆರಳಿಟ್ಟು ಜೋರಾಗಿ ಓದು ಅನ್ನಿ. ಅವಳು "ಸೊಪ್ಪು" ಅಂತಲೇ ಓದುತ್ತಾಳೆ, ಯಾಕೆಂದರೆ ಅವಳ ಮನಸ್ಸಿನಲ್ಲಿರುವುದು ಅದೇ. ಆಗ "ಅಪ್ಪ ಇದನ್ನ ಸೋಪು ಅಂತ ಓದಿಬಿಟ್ರೆ?" ಅಂತ ಕೇಳಿ. ಆವತ್ತು ಹಾಗೇ ಕೇಳಿದಾಗ ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, "ಅಯ್ಯೋ, ಮೈಗೆ ಹಾಕೋ ಸೋಪಲ್ಲ" ಅಂದಳು. ಆಮೇಲೆ ಪದ ಹೊಡೆದುಹಾಕಿ ಮೇಲೆ "ಸೊಪು" ಅಂತ ಬರೆದಳಂತೆ. ಒತ್ತು ಇನ್ನೂ ಇಲ್ಲ, ಆದರೆ ಸೋಪು ಹೋಯಿತು. ಅಷ್ಟು ಸಾಕು.

ನೀಟಾದ ಪ್ರತಿ ಮಾಡಿಸುವ ಆಸೆಯನ್ನೂ ಬಿಡಿ. ಎರಡನೇ ಸಲ ಬರೆಯುವಾಗ ಏಳು ವರ್ಷದ ಮಗು ಬರೆಯುವುದಿಲ್ಲ, ಅಕ್ಷರ ಇಳಿಸುತ್ತದೆ. ಸುಸ್ತಾಗಿ ಕೊನೆಯ ಸಾಲುಗಳನ್ನು ನುಂಗಿಬಿಡುತ್ತದೆ. ಹೊಡೆದುಹಾಕಿದ ಗೆರೆ ಇದ್ದರೆ ಇರಲಿ. ಅವಳೇ ಹೊಸ ಹಾಳೆ ಕೇಳಿದರೆ ಕೊಡಿ, ಹಳೆಯದನ್ನೂ ಎತ್ತಿಡಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಹುಡುಗನ ಕಾಗದವನ್ನು ಪೂರ್ತಿ ತಿದ್ದಿ ಕಳಿಸಿದ್ದೆ. ಮಾರನೇ ದಿನ ಅವರಪ್ಪ ಶಾಲೆಗೆ ಬಂದು, ತುಂಬ ವಿನಯದಿಂದ, "ಮೇಡಂ, ಅಕ್ಷರ ಚೆನ್ನಾಗಿತ್ತು, ನಮ್ಮ ಹುಡುಗ ಏನು ಬರೆದಿದ್ದ?" ಅಂತ ಕೇಳಿದರು. ನಾನು ತಿದ್ದುವಾಗ ಓದಿದ್ದೆ, ಆದರೆ ನೆನಪಿರಲಿಲ್ಲ. ಅದಕ್ಕೇ ಈ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಗಡಸು.

ಪ್ರಶ್ನೆ: ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಮಗ ಕನ್ನಡ ಕಾಗದದಲ್ಲಿ "ನಾಯ್ನಾ" ಅಂತ ಬರೆದಿದ್ದಾನೆ. "ಅಪ್ಪ" ಅಂತ ಮಾಡಿಸಲೇ? — ಚಿಂತಾಮಣಿ

ಉತ್ತರ: ಬೇಡ. ಅವನಿಗೆ ಅಪ್ಪ ಅನ್ನುವವರು ಯಾರೂ ಇಲ್ಲ, ನಾಯ್ನಾ ಇದ್ದಾರೆ.

ಪ್ರಶ್ನೆ: ಹತ್ತು ದಿನದಲ್ಲಿ ಕೈಬರಹ ಮುತ್ತಿನಂತೆ ಮಾಡ್ತೀವಿ ಅನ್ನೋ ಕ್ಲಾಸಿಗೆ ಸೇರಿಸಿದರೆ ಹುಟ್ಟುಹಬ್ಬಕ್ಕೆ ಚೆನ್ನಾಗಿ ಬರೀತಾನಾ? — ಬಂಗಾರಪೇಟೆ

ಉತ್ತರ: ಹತ್ತು ದಿನಕ್ಕೆ ಬದಲಾಗುವುದು ನಿಮ್ಮ ದುಡ್ಡಿನ ಲೆಕ್ಕ ಮಾತ್ರ, ಏನು ಬರೆಯಬೇಕು ಅನ್ನುವುದನ್ನು ಆ ಕ್ಲಾಸಿನವರು ಕಲಿಸುವುದೂ ಇಲ್ಲ.

ಪ್ರಶ್ನೆ: ವಾಟ್ಸಾಪಿನಲ್ಲಿ ಬಂದ ಅಪ್ಪನ ಕವನ ಚೆನ್ನಾಗಿದೆ, ಅದನ್ನೇ ಬರೆಸಬಹುದಾ? — ಗುಬ್ಬಿ

ಉತ್ತರ: ಇಲ್ಲ.

ಪ್ರಶ್ನೆ: ಮೊಮ್ಮಗಳಿಗೆ ನಾಲ್ಕೂವರೆ ವರ್ಷ, ಬರೆಯಲು ಬರುವುದಿಲ್ಲ. ಅವಳ ಪರವಾಗಿ ನಾನು ಬರೆದರೆ? — ತಿಪಟೂರು

ಉತ್ತರ: ಬರೆಯಿರಿ, ಆದರೆ ಅವಳು ಹೇಳಿದ ಹಾಗೆಯೇ. "ಅಪ್ಪ ಗೊರಕೆ ಹೊಡೀತಾರೆ" ಅಂದರೆ ಅದೇ ಸಾಲು. ಬರೆದದ್ದನ್ನು ಓದಿ ಹೇಳಿ, "ಹೀಗೇನಾ?" ಅಂತ ಕೇಳಿ, ಅವಳು ಬೇಡ ಅಂದದ್ದನ್ನು ತೆಗೆಯಿರಿ. ಕೆಳಗೆ "ಹೇಳಿದ್ದು ಅವಳು, ಬರೆದದ್ದು ಅಜ್ಜಿ" ಅಂತ ಹಾಕಿ. ಹೆಸರಿನ ಮೊದಲಕ್ಷರವನ್ನೋ ಒಂದು ಗೀಟನ್ನೋ ಅವಳ ಕೈಯಲ್ಲೇ ಹಾಕಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಓದಲು ಬರುವುದಿಲ್ಲ. ಮಗಳು ಬರೆದದ್ದನ್ನು ನಾನೇ ಚೆನ್ನಾಗಿ ಓದಿ ಹೇಳಲೇ? — ಮುಳಬಾಗಿಲು

ಉತ್ತರ: ಮಗಳೇ ಅವರ ಪಕ್ಕ ಕೂತು ಓದಲಿ. ತಡವರಿಸಿದರೆ ತಡವರಿಸಲಿ. ನೀವು ಆ ಹೊತ್ತಿಗೆ ಅಡುಗೆಮನೆಯಲ್ಲಿರಿ.