ಕಾಡಂಚಿನ ಹೊಲ: ಪ್ರಬಂಧವನ್ನು ಎಲ್ಲಿಂದ ಆರಂಭಿಸಬೇಕು?

ಓದುಗರ ಪತ್ರ

ಮಾನ್ಯ ಸಂಪಾದಕರೇ,
ನಮ್ಮ ಹೊಲ ಚಿಂಚೋಳಿಯ ಕಾಡಿಗೆ ಹತ್ತಿಕೊಂಡೇ ಇದೆ. ಮುಂಗಾರಿನಲ್ಲಿ ಹೆಸರಿನ ಎಳೆ ಪೈರನ್ನು ಜಿಂಕೆಗಳು ತಿನ್ನುತ್ತವೆ. ತೊಗರಿ ಕಾಯಿಗಟ್ಟಿದಾಗ ಹಂದಿಗಳು ನುಗ್ಗುತ್ತವೆ. ಶಾಲೆಯಲ್ಲಿ ‘ಮಾನವ–ವನ್ಯಜೀವಿ ಸಂಘರ್ಷ’ ಎಂಬ ಪ್ರಬಂಧ ಬರೆಯಬೇಕಾಗಿದೆ. ಅರ್ಧ ರೈತರ ಪರ, ಅರ್ಧ ಪ್ರಾಣಿಗಳ ಪರ ಬರೆಯಿರಿ ಎಂದು ಗುರುಗಳು ಹೇಳಿದ್ದಾರೆ. ಮನೆಯಲ್ಲಿ ಓದಿ ತೋರಿಸಿದರೆ ಅಜ್ಜ, “ಹಂದಿ ಪರ ಬರಿತಿ ಏನವ್ವಾ?” ಎಂದು ಸಿಟ್ಟಾಗುತ್ತಾರೆ. ಹೇಗೆ ಬರೆಯಲಿ?
— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ, ಚಿಂಚೋಳಿ ತಾಲ್ಲೂಕು

ಸಂಪಾದಕರ ಉತ್ತರ

ನಿನ್ನ ಪತ್ರದಲ್ಲಿಯೇ ಪ್ರಬಂಧಕ್ಕೆ ಬೇಕಾದ ಮುಖ್ಯ ಸಂಗತಿ ಇದೆ. ಹೆಸರನ್ನು ತಿನ್ನುವ ಪ್ರಾಣಿ ಬೇರೆ, ತೊಗರಿಗೆ ನುಗ್ಗುವ ಪ್ರಾಣಿ ಬೇರೆ ಎಂದು ನೀನೇ ಬರೆದಿದ್ದೀಯ. ಈ ವಿಷಯದ ಮೇಲೆ ನಮ್ಮ ಕಚೇರಿಗೆ ಬರುವ ಶಾಲಾ ಪ್ರಬಂಧಗಳಲ್ಲಿ ಹೆಚ್ಚಿನವು ಒಂದು ಕಡೆ ‘ರೈತ’, ಇನ್ನೊಂದು ಕಡೆ ‘ಪ್ರಾಣಿ’ ಎಂದು ಎರಡೇ ಪಾತ್ರಗಳನ್ನು ನಿಲ್ಲಿಸಿ, ಇಬ್ಬರಿಗೂ ಸಮನಾಗಿ ಸಾಲುಗಳನ್ನು ಹಂಚಿ ಮುಗಿಸುತ್ತವೆ. ಅಂಥ ಪ್ರಬಂಧವನ್ನು ಓದಿದವರಿಗೆ ಯಾವ ಹೊಲದಲ್ಲಿ, ಯಾವ ತಿಂಗಳಲ್ಲಿ, ಯಾವ ಪ್ರಾಣಿಯಿಂದ, ಎಷ್ಟು ಹಾಳಾಯಿತು ಎಂಬುದು ತಿಳಿಯುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಸಮತೋಲನ ಬರುವುದು ಆ ನಾಲ್ಕು ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟಾಗ. ಪುಟಗಳನ್ನು ಅರ್ಧಕ್ಕೆ ಮಡಚಿದರೆ ಅದು ಬರುವುದಿಲ್ಲ.

ಮೊದಲು ಜಿಂಕೆಯ ವಿಷಯ. ನಮ್ಮ ಭಾಗದಲ್ಲಿ ಚಿಗರಿ, ಜಿಂಕೆ ಎಂದು ಕರೆಯುವ ಪ್ರಾಣಿ ಬಹುಮಟ್ಟಿಗೆ ಕೃಷ್ಣಮೃಗ. ಇದು ದಟ್ಟ ಕಾಡಿನ ಪ್ರಾಣಿಯಲ್ಲ. ದೂರದವರೆಗೆ ಕಣ್ಣು ಹಾಯುವ ಹುಲ್ಲುಬಯಲಿನಲ್ಲಿ, ಹಿಂಡಾಗಿ, ಹಗಲು ಹೊತ್ತಿನಲ್ಲಿ ಮೇಯುವುದು ಅದರ ಸ್ವಭಾವ. ಆದ್ದರಿಂದ ‘ಕಾಡು ನಾಶವಾದ್ದರಿಂದ ಪ್ರಾಣಿಗಳು ನಾಡಿಗೆ ಬಂದವು’ ಎಂಬ ಸಿದ್ಧ ವಾಕ್ಯ ಇದಕ್ಕೆ ಹೊಂದುವುದಿಲ್ಲ. ಕೃಷ್ಣಮೃಗ ಕಳೆದುಕೊಂಡದ್ದು ಊರ ಸುತ್ತಲಿನ ಗಾಯರಾಣ ಭೂಮಿಯನ್ನು, ಬೀಳು ನೆಲವನ್ನು, ದಿಬ್ಬದ ಹುಲ್ಲನ್ನು. ಅವೆಲ್ಲ ಉಳುಮೆಗೆ, ಕಲ್ಲುಗಣಿಗೆ, ನಿವೇಶನಕ್ಕೆ ಹೋದ ಮೇಲೆ ಉಳಿದ ಬಯಲೆಂದರೆ ನಿಮ್ಮ ಹೊಲವೇ. ಮುಂಗಾರಿನ ಮೊದಲ ಮಳೆಗಳಲ್ಲಿ ಅಲ್ಲಿ ಮೊಳೆಯುವ ಹೆಸರು, ಉದ್ದು, ತೊಗರಿಗಳು ಅದಕ್ಕೆ ಎಳೆಯ ಮೇವು.

ಇಲ್ಲಿ ಒಂದು ಸೂಕ್ಷ್ಮವನ್ನು ನೀನು ನಿನ್ನ ಹೊಲದಲ್ಲೇ ನೋಡಬಹುದು. ಹೆಸರು ಮೊಳೆಯುವಾಗ ಬೇಳೆಯ ಎರಡು ಹೋಳುಗಳು ನೆಲದಿಂದ ಮೇಲೆದ್ದು ಬರುತ್ತವೆ. ಅವುಗಳ ಕೆಳಗೆ ಕಡಿದು ಹೋದರೆ ಮತ್ತೆ ಚಿಗುರಲು ಮೊಗ್ಗೇ ಉಳಿಯುವುದಿಲ್ಲ, ಸಸಿ ಸತ್ತಂತೆಯೇ. ತೊಗರಿಯಲ್ಲಿ ಆ ಹೋಳುಗಳು ಮಣ್ಣಿನೊಳಗೇ ಉಳಿಯುತ್ತವೆ, ಅವುಗಳ ಪಕ್ಕದ ಮೊಗ್ಗುಗಳೂ ಉಳಿಯುತ್ತವೆ. ಹಾಗಾಗಿ ಒಮ್ಮೆ ಮೇದು ಹೋದ ತೊಗರಿ ಬಹಳ ಸಲ ಮತ್ತೆ ಒಡೆಯುತ್ತದೆ. ಬಿತ್ತಿದ 45–50 ದಿನಗಳ ಸುಮಾರಿಗೆ ತೊಗರಿಯ ಕುಡಿ ಚಿವುಟಿದರೆ ಟೊಂಗೆಗಳು ಹೆಚ್ಚುತ್ತವೆ ಎಂದು ಕೃಷಿ ವಿಜ್ಞಾನಿಗಳೇ ಶಿಫಾರಸು ಮಾಡುತ್ತಾರೆ. ಹಾಗೆಂದು ಜಿಂಕೆ ಮೇದರೆ ತೊಗರಿಗೆ ನಷ್ಟವಿಲ್ಲ ಎಂದು ಬರೆಯಬೇಡ. ಒಂದೇ ಸಾಲನ್ನು ಹಿಂಡು ಮತ್ತೆ ಮತ್ತೆ ಮೇದರೆ ಗಿಡ ಹೂಬಿಡುವುದು ತಡವಾಗುತ್ತದೆ, ಅಷ್ಟರಲ್ಲಿ ನೆಲದ ಹಸಿ ಆರುತ್ತದೆ, ಕಾಯಿ ಜೊಳ್ಳಾಗುತ್ತದೆ. ಬೆಳೆ ಯಾವುದು, ಎಷ್ಟು ದಿನದ್ದು, ಎಷ್ಟು ಸಲ ಮೇಯಿತು ಎಂಬುದರ ಮೇಲೆ ನಷ್ಟ ನಿಂತಿದೆ.

ಹಂದಿಯ ರೀತಿಯೇ ಬೇರೆ. ಅದು ಹಗಲು ಪೊದೆಯಲ್ಲೋ ನಾಲೆಯ ತಂಪಿನಲ್ಲೋ ಮಲಗಿದ್ದು ರಾತ್ರಿ ಹೊರಡುತ್ತದೆ. ಅದರ ದೃಷ್ಟಿ ಮಂದ, ಮೂಗು ಬಲು ಚುರುಕು. ತೊಗರಿ ಆಳೆತ್ತರ ಬೆಳೆದು ಕಾಯಿ ತುಂಬುವ ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ಹೊಲ ತಿನ್ನುವುದಕ್ಕೂ ಅಡಗುವುದಕ್ಕೂ ಅನುಕೂಲವಾಗಿರುತ್ತದೆ. ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು ಎಂದು ರೈತರು ಹೇಳುವ ಮಾತು ಸರಿಯಾದದ್ದು, ಏಕೆಂದರೆ ಹಂದಿ ಮೇಲಿನ ಕಾಯಿಗಾಗಿ ಇಡೀ ಗಿಡವನ್ನು ಮೈಯಿಂದ ಬಾಗಿಸಿ ಮುರಿಯುತ್ತದೆ. ಒಂದು ಹೆಣ್ಣು ಹಂದಿ ನಾಲ್ಕು ತಿಂಗಳೊಳಗಿನ ಗರ್ಭಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ ಹಾಕುತ್ತದೆ; ಕೃಷ್ಣಮೃಗಕ್ಕೆ ಆರು ತಿಂಗಳ ಗರ್ಭ, ಹುಟ್ಟುವುದು ಒಂದೇ ಮರಿ. ಒಂದೇ ಹೊಲಕ್ಕೆ ಬರುವ ಈ ಎರಡು ಪ್ರಾಣಿಗಳಿಗೆ ಒಂದೇ ಪರಿಹಾರ ಹೇಳಲಾಗದು ಎಂಬುದಕ್ಕೆ ಇಷ್ಟೇ ಸಾಕು.

ಬೆಳಿಗ್ಗೆ ಹೊಲಕ್ಕೆ ಹೋದಾಗ ಯಾರು ಬಂದಿದ್ದರು ಎಂದು ತಿಳಿಯುವುದು ಕಷ್ಟವಲ್ಲ. ಹಸಿ ಎರೆಮಣ್ಣಿನಲ್ಲಿ ಹಂದಿಯ ಹೆಜ್ಜೆಯ ಹಿಂಬದಿಗೆ, ತುಸು ಹೊರಕ್ಕೆ, ಎರಡು ಸಣ್ಣ ಗೊರಸುಗಳ ಗುರುತೂ ಮೂಡಿರುತ್ತದೆ, ನೆಲ ಮೂತಿಯಿಂದ ಅಗೆದಂತಿರುತ್ತದೆ. ಕೃಷ್ಣಮೃಗದ ಹೆಜ್ಜೆ ಸಣ್ಣದು, ಮುಂದಕ್ಕೆ ಚೂಪಾದದ್ದು, ಪಕ್ಕದಲ್ಲಿ ಹಿಕ್ಕೆಗಳು ಬಿದ್ದಿರುತ್ತವೆ. ಅದಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲದ ಕಾರಣ ಮೇದ ಕುಡಿಯ ತುದಿ ಹರಿದಂತೆ ಕಾಣುತ್ತದೆ. ಕುಡುಗೋಲಿನಿಂದ ಕೊಯ್ದಂತೆ ಓರೆಯಾಗಿ ತುಂಡಾಗಿದ್ದರೆ ಅದು ಮೊಲದ ಕೆಲಸ. ಇದನ್ನು ಅಜ್ಜನ ಜೊತೆ ನಡೆದು ನೋಡು. ನನಗಿಂತ ಚೆನ್ನಾಗಿ ಅವರೇ ತೋರಿಸಬಲ್ಲರು, ಆ ಮಾತುಗಳನ್ನು ಅವರ ಹೆಸರಿನಲ್ಲೇ ಪ್ರಬಂಧದಲ್ಲಿ ಬರೆ.

ಇನ್ನು ನಷ್ಟದ ಲೆಕ್ಕ. ಪ್ರಬಂಧ ಎಡವುವುದೂ, ಊರಿನ ಜಗಳ ಹುಟ್ಟುವುದೂ ಇಲ್ಲಿಯೇ. ಉದಾಹರಣೆಗೆ ನಾಲ್ಕು ಎಕರೆಯ ಒಂದು ತೊಗರಿ ಹೊಲವನ್ನು ತೆಗೆದುಕೊಳ್ಳೋಣ. ಕಾಡಿನ ಕಡೆಯ ಒಂದು ಎಕರೆಯಲ್ಲಿ ಸಾಲು ಹಿಡಿದು ನೂರು ಗಿಡ ಎಣಿಸಿದಾಗ 40 ಗಿಡ ಹಾಳಾಗಿವೆ ಎಂದುಕೊ. ಉಳಿದ ಮೂರು ಎಕರೆಯಲ್ಲಿ ನೂರಕ್ಕೆ 5 ಮಾತ್ರ. ಆಗ ನಿಜವಾದ ನಷ್ಟ ಅಂಚಿನ ಎಕರೆಯಿಂದ 0.40 ಎಕರೆ, ಉಳಿದ ಮೂರರಿಂದ 0.15 ಎಕರೆ, ಒಟ್ಟು 0.55 ಎಕರೆ. ಎಕರೆಗೆ ನಾಲ್ಕು ಕ್ವಿಂಟಲ್ ಇಳುವರಿ ಹಿಡಿದರೆ ಹೋದದ್ದು 2.2 ಕ್ವಿಂಟಲ್, 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿಯಂತೆ 17,600 ರೂಪಾಯಿ.

ಇದೇ ಹೊಲವನ್ನು ಕಾಡಿನ ಅಂಚಿನಲ್ಲಷ್ಟೇ ನೋಡಿದವರು ನಾಲ್ಕೂ ಎಕರೆಗೆ ನೂರಕ್ಕೆ 40 ಎಂದು ಹಿಡಿದು 51,200 ರೂಪಾಯಿ ಎನ್ನುತ್ತಾರೆ. ರಸ್ತೆಯ ಕಡೆಯಿಂದ ನೋಡಿ ಹೊರಟವರಿಗೆ ಅದು 6,400 ರೂಪಾಯಿ. ಯಾರೂ ಸುಳ್ಳು ಹೇಳಲಿಲ್ಲ, ನಿಂತು ನೋಡಿದ ಜಾಗ ಬೇರೆಯಾಯಿತು. ಆದ್ದರಿಂದ ನೀನು ಅಂಚಿನಲ್ಲಿ, ನಡುವೆ, ಆಚೆ ತುದಿಯಲ್ಲಿ ಬೇರೆ ಬೇರೆ ಎಣಿಸಿ ಬರೆದರೆ ಗುರುಗಳೂ ಒಪ್ಪಬೇಕು, ಅಜ್ಜನೂ ಒಪ್ಪಬೇಕು. ಬೆಳೆ ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ಅರ್ಜಿ ಕೊಡುವಾಗಲೂ ಪಹಣಿ, ಫೋಟೊಗಳ ಜೊತೆಗೆ ಇಂಥ ಎಣಿಕೆ ಇದ್ದರೆ ಪಂಚನಾಮೆಗೆ ಬಂದವರನ್ನು ಸರಿಯಾದ ಜಾಗಕ್ಕೆ ಕರೆದೊಯ್ಯಬಹುದು. ಮುರಿದ ಗಿಡಗಳನ್ನು ತೆಗೆದು ಹೊಲ ಹಸನು ಮಾಡಿದ ಮೇಲೆ ಅರ್ಜಿ ಕೊಟ್ಟರೆ ತೋರಿಸಲು ಏನೂ ಉಳಿದಿರುವುದಿಲ್ಲ.

ಈ ಲೆಕ್ಕದಲ್ಲಿ ಎರಡು ಸಂಗತಿಗಳು ಸೇರಿಲ್ಲ, ಅವೇ ಅಜ್ಜನ ಸಿಟ್ಟಿನ ಮೂಲ ಎಂದು ನನಗನ್ನಿಸುತ್ತದೆ. ಒಂದು, ಚಳಿಗಾಲದ ರಾತ್ರಿಗಳನ್ನು ಮಂಚಿಕೆಯ ಮೇಲೆ ಕಾವಲು ಕೂತು ಕಳೆದು, ಮರುದಿನ ಮತ್ತೆ ಹೊಲದ ಕೆಲಸಕ್ಕೆ ಇಳಿಯುವ ಶ್ರಮ. ಅದಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ಇನ್ನೊಂದು, ಕಾಡಿನಿಂದ ಬರುವ ಒಳಿತು ಇಡೀ ಜಿಲ್ಲೆಗೆ, ನಷ್ಟ ಮಾತ್ರ ಅಂಚಿನ ಕೆಲವೇ ಹೊಲಗಳಿಗೆ. ಒಂದೆರಡು ಕಿಲೋಮೀಟರ್ ಆಚೆ ಇರುವ ರೈತನ ತೊಗರಿ ಉಳಿದಿರುತ್ತದೆ; ಚಿಂಚೋಳಿಯನ್ನು ವನ್ಯಜೀವಿ ಧಾಮವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಕಲಬುರಗಿಯ ನಮ್ಮಂಥವರಿಗೆ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಇದನ್ನು ಬರೆದರೆ ಅದು ಪ್ರಾಣಿಗಳ ವಿರುದ್ಧದ ಮಾತಾಗುವುದಿಲ್ಲ, ಭಾರದ ಹಂಚಿಕೆ ಸರಿಯಿಲ್ಲ ಎಂಬ ಮಾತಾಗುತ್ತದೆ.

“ಹೊಡೆದು ಹಾಕಿದರಾಯಿತು” ಎಂಬ ವಾದಕ್ಕೆ ಕಾನೂನು ಏನು ಹೇಳುತ್ತದೆ ಎಂಬುದನ್ನೂ ಸೇರಿಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಕೃಷ್ಣಮೃಗ ಮೊದಲ ಅನುಸೂಚಿಯಲ್ಲೂ ಕಾಡುಹಂದಿ ಎರಡನೇ ಅನುಸೂಚಿಯಲ್ಲೂ ಇವೆ. ಮೊದಲ ಅನುಸೂಚಿಯ ಪ್ರಾಣಿಯನ್ನು ಬೆಳೆ ತಿಂದಿತೆಂಬ ಕಾರಣಕ್ಕೆ ಕೊಲ್ಲಲು ಅನುಮತಿ ಕೊಡುವ ಅವಕಾಶವೇ ಇಲ್ಲ. ಅದು ಮನುಷ್ಯರ ಜೀವಕ್ಕೆ ಅಪಾಯವಾಗಿರಬೇಕು ಅಥವಾ ಗುಣವಾಗದಷ್ಟು ರೋಗಗ್ರಸ್ತವೋ ಅಂಗಹೀನವೋ ಆಗಿರಬೇಕು. ಎರಡನೆಯದರಲ್ಲಿ, ನಿಂತ ಬೆಳೆಗೆ ಹಾನಿ ಮಾಡುತ್ತಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ಕೊಡಬಹುದು. ಆದೇಶವಿಲ್ಲದೆ ಹಂದಿಗೆ ಉರುಳು ಹಾಕುವುದು ಅಪರಾಧ. ಬೈಕಿನ ಕ್ಲಚ್ ವೈರಿನ ಉರುಳಿಗೆ ಹಂದಿ ಯಾವುದು, ಕತ್ತೆಕಿರುಬ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಕಂಬದಿಂದ ನೇರವಾಗಿ ಬೇಲಿಗೆ ಕರೆಂಟ್ ಎಳೆಯುವುದಂತೂ ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವನನ್ನೂ ಕೊಲ್ಲುತ್ತದೆ.

ಸೋಲಾರ್ ಬೇಲಿ ಇದಕ್ಕಿಂತ ಭಿನ್ನ. ಅದರ ಯಂತ್ರ ಸೆಕೆಂಡಿಗೆ ಸುಮಾರು ಒಂದು ಸಲ, ಅತಿ ಚಿಕ್ಕ ಹೊತ್ತಿನ ಹೊಡೆತವನ್ನಷ್ಟೇ ತಂತಿಗೆ ಬಿಡುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಆದರೆ ಹಂದಿ ಮೂತಿ ತೂರಿಸಿ ಕೆಳಗಿನಿಂದ ನುಗ್ಗುತ್ತದೆ, ಕೃಷ್ಣಮೃಗವೂ ಹಾರುವುದಕ್ಕಿಂತ ನುಸುಳುವುದೇ ಹೆಚ್ಚು. ಹೀಗಾಗಿ ಕೆಳಗಿನ ತಂತಿ ನೆಲದಿಂದ ಒಂದು ಗೇಣಿನಷ್ಟು ಎತ್ತರದಲ್ಲಿ ಇರಬೇಕು. ಅಷ್ಟು ಕೆಳಗಿದ್ದರೆ ಮಳೆಗಾಲದಲ್ಲಿ ಹುಲ್ಲು ತಾಗಿ ಹೊಡೆತವೆಲ್ಲ ನೆಲಕ್ಕೆ ಇಳಿದುಹೋಗುತ್ತದೆ, ಬೇಲಿ ನಿಂತಿರುತ್ತದೆ ಆದರೆ ಕೆಲಸ ಮಾಡುವುದಿಲ್ಲ. ಒಬ್ಬರೇ ಬೇಲಿ ಹಾಕಿಕೊಂಡರೆ ಹಂದಿಗಳ ಗುಂಪು ಬೇಲಿಯಿಲ್ಲದ ಪಕ್ಕದ ಹೊಲಕ್ಕೆ ಹೊರಳುತ್ತದೆ. ನಿಮ್ಮ ಊರಿನ ಕಾಡಂಚಿನ ಹೊಲದವರೆಲ್ಲ ಸೇರಿ ಒಂದೇ ಸಾಲಾಗಿ ಬೇಲಿ ಎಳೆಯಲು ಒಪ್ಪುತ್ತಾರೆಯೇ, ಶ್ರಾವಣದಲ್ಲಿ ಹುಲ್ಲು ಕೊಯ್ಯುವ ಸರದಿ ಯಾರದು, ಬ್ಯಾಟರಿ ಕೆಟ್ಟರೆ ಹಣ ಎಲ್ಲಿಂದ ಎಂದು ನಾಲ್ಕು ಮನೆಗಳಲ್ಲಿ ಕೇಳಿ, ಬಂದ ಉತ್ತರಗಳನ್ನು ಪ್ರಬಂಧದ ಕೊನೆಯ ಭಾಗದಲ್ಲಿ ಇದ್ದ ಹಾಗೆಯೇ ಬರೆ.