ಮುಖದ ನರ ಕಿವಿಯ ಎಲುಬಿನೊಳಗೆ ಎಲ್ಲಿ ಪೆಟ್ಟು ತಿಂದಿದೆ?

"ಚಿಕ್ಕಪ್ಪನ ಬಾಯಿ ನಿನ್ನೆ ಬೆಳಿಗ್ಗೆಯಿಂದ ಎಡಕ್ಕೆ ಎಳೆದಿದೆ. ಬಲಗಣ್ಣು ಮುಚ್ಚುವುದಿಲ್ಲ. ಅಡಿಕೆ ಸುಲಿಯುವ ಮೆಷಿನಿನ ಸದ್ದು ಬಲಕಿವಿಗೆ ಬಡಿದ ಹಾಗಾಗುತ್ತದಂತೆ, ಸಾರಿಗೆ ರುಚಿಯೂ ಇಲ್ಲವಂತೆ. ಇದು ಲಕ್ವವಾ?"

ಮೊದಲು ಹುಬ್ಬು ಮೇಲೆತ್ತಲು ಹೇಳಿ ನೋಡಿ. ಬಲಹಣೆಯಲ್ಲೂ ಸುಕ್ಕು ಬೀಳದಿದ್ದರೆ ತೊಂದರೆ ಹೆಚ್ಚಾಗಿ ನರದಲ್ಲೇ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ, ಹಾಗಾಗಿ ಮೆದುಳಿನ ಸಾಮಾನ್ಯ ಲಕ್ವದಲ್ಲಿ ಹಣೆ ಉಳಿಯುತ್ತದೆ. ಈ ಪ್ರಶ್ನೆಗೆ ಮುಳ್ಳೇರಿಯದ ಅಣ್ಣ ಬರೆದ ಉತ್ತರ ಅಲ್ಲಿಯವರೆಗೆ ಸರಿ. ಆದರೆ "ಹಣೆ ಆಡದಿದ್ದರೆ ಮೆದುಳಲ್ಲ, ಬಿಡಿ" ಅನ್ನಬೇಡಿ ಅಣ್ಣ. ಮೆದುಳಿನ ಬುಡದಲ್ಲಿ, ಈ ನರ ಹುಟ್ಟುವಲ್ಲೇ ಪೆಟ್ಟಾದರೂ ಹಣೆ ಆಡುವುದಿಲ್ಲ. ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು, ಕೈಕಾಲು ಸೋಲುವುದು ಇದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ.

ನಾನು ಕಿವಿ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಕಿವಿ ಹಿಂದಿನ ಎಲುಬನ್ನು ಡ್ರಿಲ್‌ನಿಂದ ಕೊರೆದಾಗ ಈ ನರ ಬಿಳಿ ನೂಲಿನ ಹಾಗೆ ಕಾಣುತ್ತದೆ. ಎಲುಬಿನ ಕೊಳವೆಯೊಳಗೆ ಸುಮಾರು 3 ಸೆಂಟಿಮೀಟರ್ ದಾರಿ, ಎರಡು ತಿರುವು. ಮೊದಲ ತಿರುವಿನಲ್ಲಿ ಕಣ್ಣೀರಿಗೆ ಹೋಗುವ ಕವಲು ಒಡೆಯುತ್ತದೆ. ಎರಡನೇ ತಿರುವು ದಾಟಿ ಕೆಳಗಿಳಿಯುವಾಗ ಒಂದು ಸಣ್ಣ ಕವಲು, ಜೋರು ಸದ್ದನ್ನು ತಗ್ಗಿಸುವ ಪುಟ್ಟ ಸ್ನಾಯುವಿಗೆ. ಇನ್ನೂ ಕೆಳಗೆ, ಹೊರಬೀಳುವ ಸ್ವಲ್ಪ ಮೊದಲು, ನಾಲಿಗೆಯ ಮುಂಭಾಗದ ರುಚಿಯ ಕವಲು.

ಈಗ ಚಿಕ್ಕಪ್ಪನದನ್ನು ನೋಡಿ. ರುಚಿ ಹೋಗಿದೆ, ಅಂದರೆ ಪೆಟ್ಟು ಆ ಕವಲಿಗಿಂತ ಮೇಲೆ. ಸದ್ದೂ ಬಡಿಯುತ್ತಿದೆ, ಹಾಗಾದರೆ ಇನ್ನೂ ಮೇಲೆ. ಎಲುಬಿನಿಂದ ಹೊರಬಂದ ಮೇಲೆ ಪೆಟ್ಟಾಗಿದ್ದರೆ ಇವೆರಡೂ ಇರುತ್ತಿರಲಿಲ್ಲ, ಮುಖ ಮಾತ್ರ ಸೋಲುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಆ ಮೇಲಿನ ಕವಲು ಚೆನ್ನಾಗಿದೆ ಅಂದುಕೊಳ್ಳಬೇಡಿ. ರೆಪ್ಪೆ ಮುಚ್ಚದೆ ನೀರು ಹೊರಗೆ ಚೆಲ್ಲುತ್ತದೆ ಅಷ್ಟೇ. ಡಾಕ್ಟರು ಕಾಗದದ ಪಟ್ಟಿ ಇಟ್ಟು ಎರಡೂ ಕಣ್ಣನ್ನು ಹೋಲಿಸಬಹುದು.

ಆದರೂ ಈ ಲೆಕ್ಕ ಅಂದಾಜಿನದು. ನರ ಬಾತರೆ ಮೊದಲ ತಿರುವಿನ ಹತ್ತಿರದ ಅತಿ ಇಕ್ಕಟ್ಟಾದ ಕಡೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಒಳಗಿನ ಎಳೆಗಳಲ್ಲಿ ಕೆಲವು ಸೋತು ಕೆಲವು ಉಳಿಯುವುದುಂಟು. ಹಾಗಾಗಿ ರುಚಿ ಉಳಿದವರೆಲ್ಲರಿಗೂ ಪೆಟ್ಟು ಕೆಳಗೇ ಅನ್ನಲಾಗದು.

ಪೆರ್ಲದ ಅಕ್ಕ, ನಿಮ್ಮ ಮಗನ ವಿಷಯ ಬೇರೆ. ವರ್ಷಗಟ್ಟಲೆ ಕಿವಿ ಸೋರಿ ಆಮೇಲೆ ಮುಖ ಸೋತಿತು ಅಂದಿರಿ. ಎರಡು ತಿರುವುಗಳ ನಡುವೆ ನರದ ಮೇಲಿನ ಎಲುಬು ತೆಳು, ಕೆಲವರಲ್ಲಿ ಇರುವುದೇ ಇಲ್ಲ. ಸೋರುವ ಕಿವಿಯ ಗಡ್ಡೆ ಅಲ್ಲಿ ಎಲುಬು ತಿನ್ನುತ್ತದೆ. ಅದಕ್ಕೆ ಮಾತ್ರೆ ಸಾಲದು, ಕಿವಿಯನ್ನೇ ಸರಿಮಾಡಬೇಕು.

ಚಿಕ್ಕಪ್ಪನನ್ನು ಇವತ್ತೇ ಕರೆದುಕೊಂಡು ಹೋಗಿ. ಸ್ಟೆರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುಮಾಡಿದರೆ ಜಾಸ್ತಿ ಪ್ರಯೋಜನ, ನಿಮಗೆ ಒಂದು ದಿನ ಆಗಲೇ ಕಳೆದಿದೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಆ ಮಾತ್ರೆ ಸಕ್ಕರೆ ಏರಿಸುತ್ತದೆ. ಕಣ್ಣಿಗೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಕೇಳಿ. ಮಲಗುವಾಗ ರೆಪ್ಪೆ ಮುಚ್ಚಿ ಟೇಪ್ ಹಾಕಿ, ಹೇಗೆಂದು ಅಲ್ಲಿನ ನರ್ಸ್ ತೋರಿಸುತ್ತಾರೆ. ಹೊರಡುವ ಮೊದಲು ಟಾರ್ಚ್ ಹಿಡಿದು ಬಲಕಿವಿ ಸುತ್ತ, ತೂತಿನ ಬಾಯಲ್ಲಿ ಸಣ್ಣ ನೀರುಗುಳ್ಳೆ ಇವೆಯಾ ನೋಡಿ. ಇದ್ದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ, ವೈರಸ್ ಔಷಧಿಯೂ ಸೇರಬೇಕಾಗುತ್ತದೆ.