M16 ಥ್ರೆಡ್‌ಗೆ 6g ಲಿಮಿಟ್: ಹೊರವ್ಯಾಸ ಇಳಿಸಿದರೂ ಗೇಜ್ ಯಾಕೆ ಹೋಗೋದಿಲ್ಲ?

ಪ್ರಶ್ನೆ: ಬಳ್ಳಾರಿಯಲ್ಲಿ ಲೇತ್ ಕೆಲಸ ಮಾಡ್ತೀನಿ. ಡ್ರಾಯಿಂಗ್‌ನಲ್ಲಿ M16×2-6g ಅಂತಿದೆ. ಗೋ ರಿಂಗ್ ಗೇಜ್ ಹತ್ತಲಿಲ್ಲ ಅಂತ ಹೊರವ್ಯಾಸ, ಅಂದರೆ ಓಡಿಯನ್ನು 15.90ಕ್ಕೆ ಇಳಿಸಿದೆ, ಆದರೂ ಹತ್ತಲಿಲ್ಲ. ತಪ್ಪೆಲ್ಲಿದೆ?

ಉತ್ತರ: ಓಡಿಯಲ್ಲಿ ತಪ್ಪಿಲ್ಲ. ಗೇಜ್ ತಡೆಯುತ್ತಿರುವುದು ಹಲ್ಲಿನ ಪಕ್ಕದ ಇಳಿಜಾರಿನಲ್ಲಿ, ಅಂದರೆ ಪಿಚ್ ಡಯಾಮೀಟರ್‌ನಲ್ಲಿ. ತುದಿಯನ್ನು ಎಷ್ಟು ಸವರಿದರೂ ಅದು ಬದಲಾಗುವುದಿಲ್ಲ.

g ಅಕ್ಷರ ಹೇಳುವುದು ಇಷ್ಟೇ: ದೊಡ್ಡ ಲಿಮಿಟ್ ಮೂಲ ಅಳತೆಗಿಂತ ಇಂತಿಷ್ಟು ಕೆಳಗೇ ಇರಬೇಕು. ಈ ಅಂತರ ಪಿಚ್‌ನಿಂದ ಬರುತ್ತದೆ, ಮೈಕ್ರಾನ್‌ನಲ್ಲಿ:

```
es = -(15 + 11P)
P = 2 : es = -37 (ಸೂತ್ರದಿಂದ), ಕೋಷ್ಟಕದಲ್ಲಿ -38
```

ಕೋಷ್ಟಕದ -38 ಅನ್ನೇ ಹಿಡಿಯಿರಿ. ಓಡಿಗೂ ಪಿಚ್ ಡಯಾಗೂ ಇದೇ 0.038 ಕಳೆಯಬೇಕು. 6 ಅಂಕಿ ಟಾಲರೆನ್ಸ್‌ನ ಅಗಲ: ಈ ಪಿಚ್‌ಗೆ ಓಡಿಗೆ 0.280, M16ರ ಪಿಚ್ ಡಯಾಗೆ 0.160. ಮೂಲ ಪಿಚ್ ಡಯಾ 16 − 0.6495×2 = 14.701. ಹಾಗಾಗಿ:

```
ಓಡಿ       : 15.962 ರಿಂದ 15.682
ಪಿಚ್ ಡಯಾ : 14.663 ರಿಂದ 14.503
```

ನಿಮ್ಮ 15.90 ಸರಿಯಾಗಿ ಒಳಗೇ ಇದೆ. ಮುಂದಿನ ಸಲ 15.82ರ ಸುಮಾರಿಗೆ ತಿರುವಿಕೊಳ್ಳಿ. ಥ್ರೆಡ್ ಹಾಕುವಾಗ ತುದಿಯಲ್ಲಿ ಬರ್ ಏಳುತ್ತದೆ, ಅದಕ್ಕೂ ಜಾಗ ಸಿಗುತ್ತದೆ.

ಈಗ ಪಿಚ್ ಡಯಾ ನೋಡಿ. 1.155 ಮಿಮೀ ವ್ಯಾಸದ ಮೂರು ತಂತಿ ಇಟ್ಟು ಮೈಕ್ರೋಮೀಟರ್‌ನಲ್ಲಿ ಅಳೆದರೆ ರೀಡಿಂಗ್ 16.396 ಮತ್ತು 16.236ರ ನಡುವೆ ಬರಬೇಕು. ಸೂತ್ರ ಹೀಗೆ, M ಅಂದರೆ ರೀಡಿಂಗ್, d2 ಪಿಚ್ ಡಯಾ, W ತಂತಿಯ ವ್ಯಾಸ:

```
M = d2 + 3W - 0.866P
```

ರೀಡಿಂಗ್ 16.45 ಬಂತೆನ್ನಿ. ನಡುಮಟ್ಟ 16.32ಕ್ಕೆ ತರಲು 0.13 ಕಡಿಮೆಯಾಗಬೇಕು. ಟೂಲನ್ನು ನೇರ ಒಳಕ್ಕೆ 0.065 ಕೊಟ್ಟರೆ ಸಾಕು, ಎರಡೂ ಬದಿ ಸೇರಿ ಅಷ್ಟಾಗುತ್ತದೆ. ಒಂದೇ ಪಾಸ್‌ನಲ್ಲಿ ಪೂರ್ತಿ ಕೊಡದೆ ಎರಡರಲ್ಲಿ ತೆಗೆಯಿರಿ, ನೋ-ಗೋ ಹತ್ತಿಬಿಟ್ಟರೆ ಪೀಸ್ ಕೈತಪ್ಪಿದಂತೆ.

ತಂತಿಯಲ್ಲಿ ರೀಡಿಂಗ್ ಸರಿ ಬಂದೂ ಗೋ ಹೋಗದಿದ್ದರೆ ಅನುಮಾನ ಲೀಡ್ ಸ್ಕ್ರೂ, ಗೇರ್ ಇಲ್ಲವೇ ಟೂಲ್ ಕೋನದ ಮೇಲಿರಲಿ. ಥ್ರೆಡ್ ಉದ್ದದಲ್ಲಿ ಪಿಚ್ ಒಟ್ಟು 0.03 ತಪ್ಪಿದರೆ ಗೇಜ್‌ಗೆ ಪಿಚ್ ಡಯಾ 1.732 ಪಟ್ಟು, ಅಂದರೆ ಸುಮಾರು 0.052 ದಪ್ಪವಾದಂತೆ ಕಾಣುತ್ತದೆ. ಮೊದಲ ಎರಡು ಸುತ್ತು ಸಲೀಸಾಗಿ ಹತ್ತಿ ಆಮೇಲೆ ಬಿಗಿಯಾದರೆ ಅದು ಬಹುತೇಕ ಪಿಚ್ ತಪ್ಪೇ. ಆಗ ಆಳ ಹೆಚ್ಚಿಸಿ ಗೇಜ್ ಹೋಗುವ ಹಾಗೆ ಮಾಡಬೇಡಿ, ನಟ್ ಒಂದೆರಡು ಹಲ್ಲಿನ ಮೇಲಷ್ಟೇ ಭಾರ ಹೊರುತ್ತದೆ.

ಬೋಲ್ಟ್‌ಗೆ ಜಿಂಕ್ ಪ್ಲೇಟಿಂಗ್ ಇದೆಯೇ ಎಂದೂ ಕೇಳಿಕೊಳ್ಳಿ. ಲೇಪ ಎಷ್ಟು ದಪ್ಪವೋ ಅದರ ನಾಲ್ಕು ಪಟ್ಟು ಪಿಚ್ ಡಯಾ ಹೆಚ್ಚುತ್ತದೆ. ಆ 0.038 ಅಂತರ ಸುಮಾರು 9 ಮೈಕ್ರಾನ್ ಲೇಪವನ್ನಷ್ಟೇ ತಡೆದುಕೊಳ್ಳುತ್ತದೆ. ಹಾಟ್ ಡಿಪ್ ಮಾಡಿಸುವುದಾದರೆ 6g ಅಂತರ ಸಾಲದು, ಥ್ರೆಡ್ ಕೊಯ್ಯುವ ಮುಂಚೆಯೇ ಗಿರಾಕಿಯ ಹತ್ತಿರ ನಟ್‌ನ ಲಿಮಿಟ್ ಕೇಳಿ.